ಸಹೋದ್ಯೋಗಿಯ ಕೆಲಸ ಸಮಯಕ್ಕೆ ಬಂದಿಲ್ಲವೇ? ದೂರದೆ ನೆನಪಿಸುವ ಬಗೆ

ಬುಧವಾರ ಸಂಜೆ ಬರಬೇಕಿದ್ದ ಫೈಲ್ ಗುರುವಾರ ಬೆಳಿಗ್ಗೆಯೂ ಬಂದಿಲ್ಲ. ಕೊಡಬೇಕಾದವರು ನಿಮ್ಮ ಕೈಕೆಳಗಿನವರಲ್ಲ, ಹಾಗಾಗಿ ಜೋರು ಮಾಡುವಂತಿಲ್ಲ. ಅವರ ಕೆಲಸವನ್ನೇ ನಂಬಿಕೊಂಡು ಇನ್ನಿಬ್ಬರು ಕೂತಿದ್ದಾರೆ, ಹಾಗಾಗಿ ಸುಮ್ಮನಿರುವಂತೆಯೂ ಇಲ್ಲ. ಇಂಥ ಹೊತ್ತಿನಲ್ಲಿ ಕಳಿಸಬೇಕಾದ ಒಂದು ಮೆಸೇಜ್ ಬಗ್ಗೆ ಈ ಬರಹ. ಅದನ್ನು ಬರೆಯುವ ಮೊದಲು ಏನು ನೋಡಿಕೊಳ್ಳಬೇಕು, ಯಾವ ಮಾತು ಚುಚ್ಚುತ್ತದೆ, ಉತ್ತರ ಬರದಿದ್ದರೆ ಮುಂದೇನು ಎಂದು ಒಂದೊಂದಾಗಿ ನೋಡೋಣ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ಯಂತ್ರದ ಬಳಕೆಯ ಕೈಪಿಡಿ ತಯಾರಾಗುತ್ತಿದೆ. ಅದನ್ನು ಹೊಂದಿಸುವ ಜವಾಬ್ದಾರಿ ನಿಮ್ಮದು. ಟೆಸ್ಟಿಂಗ್ ವಿಭಾಗದ ಮೇಡಂ ಒಬ್ಬರು 14ನೇ ಪುಟಕ್ಕೆ ಒತ್ತಡದ ರೀಡಿಂಗ್‌ಗಳ ಪಟ್ಟಿಯನ್ನೂ 15ನೇ ಪುಟಕ್ಕೆ ಉಷ್ಣತೆಯ ಪಟ್ಟಿಯನ್ನೂ ಬುಧವಾರ ಸಂಜೆ 6ರೊಳಗೆ ಕೊಡುತ್ತೇನೆ ಎಂದಿದ್ದರು. ಅವು ಬಂದ ಮೇಲೆ ಡಿಸೈನರ್ ಪುಟ ಹೊಂದಿಸಬೇಕು, ಆಮೇಲೆ ಇನ್ನೊಬ್ಬರು ಪ್ರೂಫ್ ನೋಡಬೇಕು. ಸೋಮವಾರ ಬೆಳಿಗ್ಗೆ 10ಕ್ಕೆ ಫೈಲ್ ಪ್ರೆಸ್‌ಗೆ ಹೋಗಬೇಕು. ಶನಿವಾರ, ಭಾನುವಾರ ರಜೆ.

ಮೊದಲು: ನಿಜವಾಗಿಯೂ ತಪ್ಪಿದೆಯೇ ಎಂದು ನೋಡಿ

ಮೆಸೇಜ್ ಟೈಪ್ ಮಾಡುವ ಮೊದಲು ಹತ್ತು ನಿಮಿಷ ಹುಡುಕಾಟಕ್ಕೆ ಕೊಡಿ. ಮೇಲ್‌ನ ಸ್ಪ್ಯಾಮ್ ನೋಡಿ. ಎಲ್ಲರೂ ಬಳಸುವ ಫೋಲ್ಡರ್‌ನಲ್ಲಿ ಬೇರೆ ಹೆಸರಿನಲ್ಲಿ ಇದೆಯೇ ನೋಡಿ. ನಿಮಗೆ ಕಳಿಸದೆ ನೇರವಾಗಿ ಡಿಸೈನರ್‌ಗೇ ಕಳಿಸಿರಬಹುದು, ಅವರನ್ನೂ ಒಂದು ಮಾತು ಕೇಳಿ. ಕಳಿಸಿಯಾಗಿರುವುದನ್ನು ಕಳಿಸಿಲ್ಲ ಎಂದು ನೆನಪಿಸಿದರೆ ನೀವು ಎಷ್ಟೇ ನಯವಾಗಿ ಬರೆದಿದ್ದರೂ ಕೆಟ್ಟದಾಗಿ ಕಾಣುತ್ತದೆ. ಮುಂದಿನ ಸಲ ನಿಮ್ಮ ನೆನಪೋಲೆಗೆ ಬೆಲೆಯೂ ಇರುವುದಿಲ್ಲ.

ಎರಡನೆಯದಾಗಿ, ಅವರು ನಿಜಕ್ಕೂ ಒಪ್ಪಿಕೊಂಡಿದ್ದರೇ ಎಂದು ನೋಡಿ. ಹಳೆಯ ಮೆಸೇಜ್ ತೆಗೆದು ಅವರ ಮಾತನ್ನೇ ಓದಿ. "ಬುಧವಾರ ಸಂಜೆ ಕೊಡ್ತೀನಿ" ಎಂದಿದ್ದರೆ ಅದು ಒಪ್ಪಿಗೆ. "ನೋಡೋಣ", "ಟ್ರೈ ಮಾಡ್ತೀನಿ" ಎಂದಿದ್ದರೆ ಅಲ್ಲ. ನಮ್ಮಲ್ಲಿ "ನೋಡೋಣ ಬಿಡಿ" ಅಂದರೆ ಎಷ್ಟೋ ಸಲ "ಆಗಲ್ಲ" ಎಂದೇ ಅರ್ಥ, ಮುಖದ ಮೇಲೆ ಹೇಳಲು ಸಂಕೋಚ ಅಷ್ಟೇ. ಬರೀ "ಆಯ್ತು" ಎಂದಿದ್ದರೂ ಅನುಮಾನಿಸಿ. ಮೀಟಿಂಗಿನ ಕೊನೆಯಲ್ಲಿ ಬರುವ "ಆಯ್ತು" ಬಹಳ ಸಲ "ಕೇಳಿಸಿತು" ಎನ್ನುವುದಕ್ಕಿಂತ ಹೆಚ್ಚೇನೂ ಹೇಳುವುದಿಲ್ಲ. ಹಾಗಿದ್ದರೆ ನೀವು ಬರೆಯಬೇಕಾದದ್ದು ನೆನಪೋಲೆಯಲ್ಲ. "ಇದನ್ನು ನಿಮ್ಮಿಂದ ಮಾಡಿಕೊಡಲು ಆಗುತ್ತದೆಯೇ, ಯಾವಾಗ?" ಎಂಬ ಹೊಸ ಕೋರಿಕೆ.

ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಆ ಕೆಲಸ ಮಾಡಲು ಅವರಿಗೆ ಬೇಕಾದದ್ದು ತಲುಪಿತ್ತೇ? ಪಟ್ಟಿಯನ್ನು ಯಾವ ಮಾದರಿಯಲ್ಲಿ ತುಂಬಬೇಕು ಎಂದು ತೋರಿಸುವ ಖಾಲಿ ಫೈಲನ್ನು ನಿಮ್ಮ ಕಡೆಯವರೇ ಕೊಡಬೇಕಿದ್ದು, ಅದು ಹೋಗದೇ ಇದ್ದರೆ, ಕಾಯುತ್ತಿರುವವರು ಮೇಡಂ ಆಗುತ್ತಾರೆ, ನೀವಲ್ಲ.

ಇಷ್ಟೆಲ್ಲ ನೋಡಿದ ಮೇಲೂ ತಪ್ಪಿರುವುದು ನಿಜವಾದರೆ, ಕಾರಣವನ್ನು ಮಾತ್ರ ಊಹಿಸಬೇಡಿ. ನಾವು ತಡ ಮಾಡಿದಾಗ ಕಾರಣ ಟ್ರಾಫಿಕ್ಕು, ಜ್ವರ, ಮೇಲಿನವರ ಒತ್ತಡ. ಬೇರೆಯವರು ತಡ ಮಾಡಿದಾಗ ಕಾರಣ ಅವರ ಸೋಮಾರಿತನ. ಬೇರೆಯವರ ವಿಷಯದಲ್ಲಿ ಸಂದರ್ಭವನ್ನು ಬಿಟ್ಟು ಸ್ವಭಾವವನ್ನೇ ಕಾರಣ ಮಾಡುವ ಈ ವಾಲಿಕೆಗೆ ಮನೋವಿಜ್ಞಾನಿ ಲೀ ರಾಸ್ 1977ರಲ್ಲಿ ಒಂದು ಹೆಸರನ್ನೇ ಕೊಟ್ಟರು: ಫಂಡಮೆಂಟಲ್ ಆಟ್ರಿಬ್ಯೂಷನ್ ಎರರ್. ಇದನ್ನು ಇಲ್ಲಿ ಹೇಳುವುದಕ್ಕೆ ಒಂದು ಉಪಯೋಗದ ಕಾರಣವಿದೆ. ತಲೆಯಲ್ಲಿ "ಇವರಿಗೆ ಜವಾಬ್ದಾರಿಯೇ ಇಲ್ಲ" ಎಂದುಕೊಂಡು ಬರೆಯಲು ಕೂತರೆ, ಪದಗಳನ್ನು ಎಷ್ಟೇ ತೊಳೆದರೂ ಆ ವಾಸನೆ ಉಳಿಯುತ್ತದೆ. ಗೊತ್ತಿರುವುದು ಒಂದೇ: ಪಟ್ಟಿ ಬಂದಿಲ್ಲ. ಅಷ್ಟನ್ನೇ ಇಟ್ಟುಕೊಂಡು ಬರೆಯಿರಿ.

ಕೊನೆಯ ಗಳಿಗೆಯನ್ನು ಹಿಂದಿನಿಂದ ಎಣಿಸಿ

ಒಪ್ಪಿಕೊಂಡಿದ್ದ ಸಮಯ ಹೇಗೂ ದಾಟಿದೆ. ಅದನ್ನು ಹಿಡಿದು ಎಳೆಯುವುದರಲ್ಲಿ ಪ್ರಯೋಜನವಿಲ್ಲ. ಈಗ ಬೇಕಾಗಿರುವುದು, ಎಷ್ಟು ಹೊತ್ತಿನೊಳಗೆ ಬಂದರೆ ಮುಂದಿನವರ ಕೆಲಸ ಕೆಡುವುದಿಲ್ಲ ಎಂಬ ಲೆಕ್ಕ. ಅದನ್ನು ತುದಿಯಿಂದ ಹಿಂದಕ್ಕೆ ಎಣಿಸಬೇಕು.

ನಮ್ಮ ಉದಾಹರಣೆಯಲ್ಲಿ ಸೋಮವಾರ ಬೆಳಿಗ್ಗೆ ಪ್ರೆಸ್‌ಗೆ ಹೋಗಬೇಕು, ನಡುವೆ ರಜೆ. ಅಂದರೆ ಶುಕ್ರವಾರ ಸಂಜೆ 6ಕ್ಕೆ ಎಲ್ಲ ಮುಗಿದಿರಬೇಕು. ಪ್ರೂಫ್ ನೋಡಲು ಮೂರು ಗಂಟೆ ಬೇಕು, ಹಾಗಾಗಿ ಶುಕ್ರವಾರ ಮಧ್ಯಾಹ್ನ 3ಕ್ಕೆ ಪುಟಗಳು ಸಿದ್ಧವಾಗಿರಬೇಕು. ಡಿಸೈನರ್‌ಗೆ ನಾಲ್ಕು ಗಂಟೆಯ ಕೆಲಸ, ಮಧ್ಯೆ ಊಟದ ಒಂದು ಗಂಟೆ. ಲೆಕ್ಕ ಹಾಕಿದರೆ ಶುಕ್ರವಾರ ಬೆಳಿಗ್ಗೆ 10ಕ್ಕೆ ಪಟ್ಟಿ ಕೈಯಲ್ಲಿರಬೇಕು. ಇದೇ ನಿಜವಾದ ಕೊನೆಯ ಗಳಿಗೆ.

ಕೆಲವರು ಇಲ್ಲಿ ಜಾಣತನ ಮಾಡಿ "ಇವತ್ತು 12ರೊಳಗೆ ಬರದಿದ್ದರೆ ಎಲ್ಲ ನಿಂತುಹೋಗುತ್ತೆ" ಎಂದು ಬರೆಯುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ಒಂದು ಸಲ ನಡೆಯುತ್ತದೆ. 12 ದಾಟಿದರೂ ಏನೂ ನಿಲ್ಲಲಿಲ್ಲ ಎಂದು ಗೊತ್ತಾದ ದಿನದಿಂದ ನೀವು ಹೇಳುವ ಯಾವ ಸಮಯವನ್ನೂ ಯಾರೂ ನಂಬುವುದಿಲ್ಲ. ನಿಜವಾದ ಗಳಿಗೆಯನ್ನೇ ಹೇಳಿ. ಅದಕ್ಕಿಂತ ಸ್ವಲ್ಪ ಮೊದಲೇ ಬೇಕಿದ್ದರೆ "ಇವತ್ತು ಸಂಜೆ ಸಿಕ್ಕರೆ ಅನುಕೂಲ, ಕೊನೆಯೆಂದರೆ ಶುಕ್ರವಾರ 10" ಎಂದು ಎರಡನ್ನೂ ಬಿಚ್ಚಿ ಹೇಳಿ.

ಇದೇ ಹೊತ್ತಿನಲ್ಲಿ ಇನ್ನೊಂದು ಪ್ರಶ್ನೆಯನ್ನು ಡಿಸೈನರ್‌ಗೆ ಕೇಳಿ: "ಪೂರ್ತಿ ಪಟ್ಟಿ ಇಲ್ಲದಿದ್ದರೂ ಏನು ಸಿಕ್ಕರೆ ನೀವು ಶುರು ಮಾಡಬಹುದು?" ಉತ್ತರ ಅನೇಕ ಸಲ ಅಚ್ಚರಿ ತರುತ್ತದೆ. ಇಲ್ಲಿ ಡಿಸೈನರ್‌ಗೆ ಅಂಕಿಗಳು ಈಗಲೇ ಬೇಕಿಲ್ಲ. ಪಟ್ಟಿಯಲ್ಲಿ ಎಷ್ಟು ಸಾಲು, ಎಷ್ಟು ಕಾಲಂ ಎಂದು ತಿಳಿದರೆ ಜಾಗ ಬಿಟ್ಟು ಮುಂದಿನ ಪುಟಗಳನ್ನು ಹೊಂದಿಸಬಹುದು, ಅಂಕಿಗಳನ್ನು ಆಮೇಲೆ ತುಂಬಬಹುದು. ಅಂದರೆ ನೀವು ಕೇಳಬೇಕಾದದ್ದು ಚಿಕ್ಕದಾಯಿತು. ತಡವಾಗಿ ಮುಜುಗರದಲ್ಲಿರುವವರಿಗೆ ಎರಡು ನಿಮಿಷದಲ್ಲಿ ಕೊಡಬಹುದಾದ ಉತ್ತರವೊಂದು ಸಿಕ್ಕರೆ ಅವರು ಮಾತಿಗೆ ಬರುತ್ತಾರೆ. ಇಡೀ ಪಟ್ಟಿಯನ್ನೇ ಕೇಳಿದರೆ, ಅದು ಮುಗಿಯುವ ತನಕ ಮೆಸೇಜನ್ನೇ ತೆರೆಯದೆ ಇರುವವರೂ ಉಂಟು.

ಎಲ್ಲಿ, ಯಾವಾಗ ಹೇಳಬೇಕು

ಮೊದಲ ಸಲ ಅವರೊಬ್ಬರಿಗೇ ಹೇಳಿ. ಗ್ರೂಪ್‌ನಲ್ಲಿ ಬೇಡ. ಗ್ರೂಪ್‌ನಲ್ಲಿ "ಮೇಡಂ, ಪಟ್ಟಿ?" ಎಂಬ ಎರಡೇ ಪದ ಹಾಕಿದರೂ ಅದು ನಾಲ್ಕು ಜನರ ಎದುರು ಕೈ ತೋರಿಸಿದ ಹಾಗೆ. ಮೇಲ್ ಆದರೆ ಮೇಲಧಿಕಾರಿಯನ್ನು ಸಿಸಿಯಲ್ಲಿ ಇಡಬೇಡಿ. ಮೊದಲ ನೆನಪೋಲೆಯಲ್ಲೇ ಸಿಸಿ ಕಂಡರೆ ಓದುವವರು ಒಳಗಿನ ಮಾತು ಓದುವ ಮೊದಲು ಆ ಹೆಸರನ್ನೇ ಓದುತ್ತಾರೆ.

ಸಮಯದ ವಿಷಯದಲ್ಲಿ, ಸಂಜೆ 6ಕ್ಕೆ ಬರಬೇಕಿದ್ದದ್ದಕ್ಕೆ 6.05ಕ್ಕೆ ಮೆಸೇಜ್ ಹಾಕಿದರೆ ಗಡಿಯಾರ ಹಿಡಿದು ಕೂತಿದ್ದ ಹಾಗೆ ಕಾಣುತ್ತದೆ. ಮರುದಿನ ಬೆಳಿಗ್ಗೆ, ಅವರು ಬಂದು ಕೂತು ದಿನದ ಕೆಲಸ ಹೊಂದಿಸಿಕೊಳ್ಳುವ ಹೊತ್ತು ಒಳ್ಳೆಯದು. ಕೊನೆಯ ಗಳಿಗೆಗೆ ಇನ್ನೂ ಒಂದು ದಿನವಿರುವಾಗ ಇಷ್ಟು ಕಾಯಬಹುದು. ಎರಡೇ ಗಂಟೆ ಉಳಿದಿದ್ದರೆ ಕಾಯುವ ಮಾತಿಲ್ಲ, ಮೆಸೇಜನ್ನೂ ಬಿಟ್ಟು ನೇರವಾಗಿ ಫೋನ್ ಮಾಡಿ.

ಮೆಸೇಜ್ ಬರೆಯುವುದು

ಮೊದಲು ಕೋಪ ಬಂದಾಗ ಕೈಗೆ ಬರುವ ಕರಡು ನೋಡೋಣ:

> ಮೇಡಂ, ನಿನ್ನೆ ಸಂಜೆಯೇ ಕೊಡ್ತೀನಿ ಅಂತ ಹೇಳಿದ್ರಿ. ಇನ್ನೂ ಕಳಿಸಿಲ್ಲ. ನಿಮ್ಮಿಂದಾಗಿ ಡಿಸೈನ್ ಕೆಲಸ ನಿಂತಿದೆ. ದಯವಿಟ್ಟು ಈಗಲಾದರೂ ಕಳಿಸಿ.

ಇದರಲ್ಲಿ ಸುಳ್ಳು ಒಂದೂ ಇಲ್ಲ. ಬೈಗುಳವೂ ಇಲ್ಲ, "ದಯವಿಟ್ಟು" ಕೂಡ ಇದೆ. ಆದರೂ ಓದಿದವರಿಗೆ ಉರಿಯುತ್ತದೆ. ಯಾಕೆ ಎಂದು ಪದ ಪದವಾಗಿ ಬಿಡಿಸಿದರೆ ಒಳ್ಳೆಯ ಮೆಸೇಜ್ ತಾನಾಗಿಯೇ ಸಿಗುತ್ತದೆ.

"ಕೊಡ್ತೀನಿ ಅಂತ ಹೇಳಿದ್ರಿ" ಎಂಬುದು ಅವರ ಮಾತನ್ನು ಅವರ ಮೇಲೇ ತಿರುಗಿಸುತ್ತದೆ. ಅವರು ಹೇಳಿದ್ದು ಅವರಿಗೆ ನೆನಪಿದೆ. ನೆನಪಿಲ್ಲದಿದ್ದರೆ ಯಾವ ವಿಷಯ ಎಂದು ತಿಳಿಸಿದರೆ ಸಾಕು. ಇದರ ಬದಲು ವಿಷಯವನ್ನೇ ಮುಂದಿಡಿ: "14 ಮತ್ತು 15ನೇ ಪುಟದ ರೀಡಿಂಗ್ ಪಟ್ಟಿಗಳ ಬಗ್ಗೆ." ಬುಧವಾರ ಎಂದು ಮಾತಾಗಿತ್ತು ಎಂಬುದನ್ನು ಹೇಳಲೇಬೇಕಿದ್ದರೆ "ಬುಧವಾರಕ್ಕೆ ಎಂದುಕೊಂಡಿದ್ದ ಪಟ್ಟಿಗಳು" ಎನ್ನಿ. ಎಂದುಕೊಂಡಿದ್ದು ಯಾರು ಎಂದು ಅಲ್ಲಿ ಬಿಡಿಸಿ ಹೇಳಿಲ್ಲ, ಇಬ್ಬರೂ ಇರಬಹುದು.

"ಕಳಿಸಿಲ್ಲ" ಎಂಬ ಕ್ರಿಯಾಪದಕ್ಕೆ ಒಬ್ಬ ಮಾಡುವವನು ಬೇಕು, ಆ ಜಾಗದಲ್ಲಿ ಮೇಡಂ ಇದ್ದಾರೆ. "ನನಗೆ ಸಿಕ್ಕಿಲ್ಲ" ಅಥವಾ "ಫೋಲ್ಡರ್‌ನಲ್ಲಿ ಕಾಣಿಸಲಿಲ್ಲ" ಎಂದರೆ ಮಾತು ನಿಮಗೆ ಗೊತ್ತಿರುವಷ್ಟರಲ್ಲೇ ನಿಲ್ಲುತ್ತದೆ. ಕಳಿಸಿದ್ದು ದಾರಿಯಲ್ಲಿ ಎಲ್ಲೋ ಸಿಕ್ಕಿಕೊಂಡಿದ್ದರೂ ಈ ಮಾತು ಸುಳ್ಳಾಗುವುದಿಲ್ಲ. ಕನ್ನಡದಲ್ಲಿ ಈ ಅನುಕೂಲ ಧಾರಾಳವಾಗಿದೆ: ಸಿಗು, ಬರು, ಕಾಣು, ಆಗು. "ನೀವು ಮುಗಿಸಿಲ್ಲ" ಎನ್ನುವ ಕಡೆ "ಅದು ಎಲ್ಲಿಯವರೆಗೆ ಬಂದಿದೆ?" ಎನ್ನಬಹುದು.

"ಇನ್ನೂ" ಚಿಕ್ಕ ಪದ, ಆದರೆ ಅದರೊಳಗೆ "ಇಷ್ಟು ಹೊತ್ತಿಗೆ ಆಗಿರಬೇಕಿತ್ತು" ಎಂಬ ದೂರು ಕೂತಿದೆ. ಅದನ್ನು ಅಳಿಸಿ ನೋಡಿ: "ಪಟ್ಟಿ ನನಗೆ ಸಿಕ್ಕಿಲ್ಲ." ಅರ್ಥ ಹೋಗಲಿಲ್ಲ, ಮುಳ್ಳು ಹೋಯಿತು. "ಈಗಲಾದರೂ" ಇದಕ್ಕಿಂತ ಒರಟು. ಆ "ಆದರೂ" ಇಲ್ಲಿಯವರೆಗಿನದನ್ನೆಲ್ಲ ಸೇರಿಸಿ ತೂಗುತ್ತದೆ. ಚಿಕ್ಕದನ್ನು ಕೇಳುವಾಗಲೂ ಇದು ನುಸುಳುತ್ತದೆ, ಎಚ್ಚರ. "ಸಾಲುಗಳ ಲೆಕ್ಕವನ್ನಾದರೂ ಹೇಳಿ" ಎಂದರೆ ಸೋತು ಕೈಚೆಲ್ಲಿದವರ ದನಿ. "ಸಾಲುಗಳ ಲೆಕ್ಕ ಸಿಕ್ಕರೆ ಸಾಕು" ಎಂದರೆ ಕೆಲಸ ಹಗುರ ಮಾಡಿಕೊಡುವವರ ದನಿ.

"ನಿನ್ನೆ ಸಂಜೆಯೇ" ಎಂಬಲ್ಲಿನ ಒತ್ತಿ ಹೇಳುವ "ಏ" ಕೂಡ ಬೇಡ. "ನಿಮ್ಮಿಂದಾಗಿ" ಬಗ್ಗೆ ಹೇಳುವುದೇ ಬೇಡ. ಕಾಯುತ್ತಿರುವವರ ವಿಷಯ ಹೇಳಲೇಬೇಕು, ಆದರೆ ಕಾರಣ ತೋರಿಸುವ ಬದಲು ಮುಂದೆ ಆಗಬೇಕಾದದ್ದನ್ನು ಹೇಳಿ: "ಡಿಸೈನರ್ ಶುಕ್ರವಾರ 10ಕ್ಕೆ ಪುಟ ಹೊಂದಿಸಲು ಕೂರುತ್ತಾರೆ." ಇದನ್ನು ಓದಿದವರು ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ.

ಇನ್ನು "ದಯವಿಟ್ಟು". ಸಿಟ್ಟಿನ ವಾಕ್ಯದ ಮುಂದೆ ಅಂಟಿಸಿದ "ದಯವಿಟ್ಟು" ವಾಕ್ಯವನ್ನು ಮೆತ್ತಗೆ ಮಾಡುವುದಿಲ್ಲ, ಹಲ್ಲು ಕಚ್ಚಿ ಹೇಳಿದ ಹಾಗೆ ಕೇಳುತ್ತದೆ. ಅಪ್ಪಣೆಯನ್ನು ಪ್ರಶ್ನೆಯಾಗಿ ಬದಲಿಸಿದರೆ ಆ ಪದವೇ ಬೇಕಾಗುವುದಿಲ್ಲ. "ಯಾಕೆ" ಎಂದು ಮಾತ್ರ ಕೇಳಬೇಡಿ. "ಯಾಕೆ ತಡ ಆಯ್ತು?" ಎಂಬುದು ಸಮಜಾಯಿಷಿ ಕೇಳುವ ಪ್ರಶ್ನೆ. ಅವರು ಸಮಜಾಯಿಷಿ ಕೊಡುತ್ತಾರೆ, ಪಟ್ಟಿ ಕೊಡುವುದಿಲ್ಲ. "ಯಾವಾಗ" ಮತ್ತು "ಎಷ್ಟು" ಕೇಳಿ.

ಇವನ್ನೆಲ್ಲ ಸೇರಿಸಿ ಗುರುವಾರ ಬೆಳಿಗ್ಗೆ 10ಕ್ಕೆ ಕಳಿಸುವ ಮೆಸೇಜ್ ಹೀಗಾಗುತ್ತದೆ:

> ನಮಸ್ಕಾರ ಮೇಡಂ. ಕೈಪಿಡಿಯ 14, 15ನೇ ಪುಟದ ರೀಡಿಂಗ್ ಪಟ್ಟಿಗಳ ಬಗ್ಗೆ. ಮೇಲ್‌ನಲ್ಲೂ ಫೋಲ್ಡರ್‌ನಲ್ಲೂ ನೋಡಿದೆ, ನನಗೆ ಸಿಗಲಿಲ್ಲ. ಡಿಸೈನರ್ ಶುಕ್ರವಾರ ಬೆಳಿಗ್ಗೆ 10ಕ್ಕೆ ಆ ಪುಟಗಳನ್ನು ಹೊಂದಿಸಲು ಕೂರುತ್ತಾರೆ, ಸಂಜೆಯೊಳಗೆ ಪ್ರೂಫ್ ಮುಗಿದರೆ ಸೋಮವಾರ ಪ್ರೆಸ್‌ಗೆ ಹೋಗುತ್ತದೆ.
>
> ಇವತ್ತು ಸಂಜೆ 5ರೊಳಗೆ ಪಟ್ಟಿಗಳು ಸಿಗಬಹುದೇ? ಆಗದಿದ್ದರೆ, ಒಂದೊಂದರಲ್ಲೂ ಎಷ್ಟು ಸಾಲು, ಎಷ್ಟು ಕಾಲಂ ಎಂದು ಇವತ್ತು ತಿಳಿಸಿದರೆ ಸಾಕು, ಜಾಗ ಬಿಟ್ಟು ಕೆಲಸ ಶುರು ಮಾಡುತ್ತಾರೆ. ಅಂಕಿಗಳು ಶುಕ್ರವಾರ ಮಧ್ಯಾಹ್ನ 1ಕ್ಕೆ ಬಂದರೂ ನಡೆಯುತ್ತದೆ. ನನ್ನ ಕಡೆಯಿಂದ ಏನಾದರೂ ಬೇಕಿದ್ದರೆ ಹೇಳಿ.

ಉದ್ದವಾಯಿತು ಅನ್ನಿಸಬಹುದು. ಆದರೆ ಪ್ರತಿ ವಾಕ್ಯವೂ ಒಂದು ಪ್ರಶ್ನೆಯನ್ನು ಮೊದಲೇ ಮುಗಿಸುತ್ತದೆ. ಯಾವ ಪಟ್ಟಿ? ಎಲ್ಲಿ ಹುಡುಕಿದಿರಿ? ಯಾರಿಗೆ ಬೇಕು? ಯಾವಾಗ? ಪೂರ್ತಿ ಆಗದಿದ್ದರೆ? ಚಿಕ್ಕ ಮೆಸೇಜ್ ಹಾಕಿ ಈ ಐದಕ್ಕೂ ಮತ್ತೆ ಮತ್ತೆ ಉತ್ತರಿಸುವುದಕ್ಕಿಂತ ಇದು ಮೇಲು. ಕೊನೆಯ ಸಾಲು ಸುಮ್ನೆ ಉಪಚಾರಕ್ಕೆ ಹಾಕಿದ್ದಲ್ಲ. ಖಾಲಿ ಫೈಲ್ ತಲುಪಿಲ್ಲ, ಯಂತ್ರ ಕೆಟ್ಟಿದೆ, ಇನ್ನೊಬ್ಬರ ಸಹಿ ಬೇಕು ಎಂಬಂಥ ಮಾತು ಹೊರಬರಲು ಅದು ಬಾಗಿಲು.

ಕರೆಯುವ ರೀತಿಯೂ ಮುಖ್ಯ. ದಿನಾ "ಮೇಡಂ" ಎನ್ನುವವರಿಗೆ ಮೇಡಂ, ದಿನಾ ಹೆಸರು ಹಿಡಿದು "ನೀನು" ಎನ್ನುವ ಗೆಳತಿಗೆ ನೀನು. ಮಾಮೂಲಿ "ನೀನು" ಇದ್ದದ್ದು ನೆನಪಿಸುವ ದಿನ ಮಾತ್ರ "ನೀವು" ಆದರೆ, ಅದು ಗೌರವವಾಗಿ ಕೇಳುವುದಿಲ್ಲ. ಮುನಿಸು ಎಂದು ತಕ್ಷಣ ಗೊತ್ತಾಗುತ್ತದೆ. ಗೆಳತಿಗಾದರೆ ಇದೇ ವಿಷಯ ಇಷ್ಟರಲ್ಲಿ ಮುಗಿಯುತ್ತದೆ:

> 14, 15ನೇ ಪುಟದ ಪಟ್ಟಿ ನಂಗೆ ಸಿಕ್ಕಿಲ್ಲ ಕಣೇ. ನಾಳೆ 10ಕ್ಕೆ ಡಿಸೈನರ್ ಕೂರ್ತಾರೆ. ಇವತ್ತು ಸಂಜೆ ಆಗುತ್ತಾ? ಇಲ್ಲಾಂದ್ರೆ ಎಷ್ಟು ಸಾಲು, ಎಷ್ಟು ಕಾಲಂ ಅಂತ ಹೇಳು ಸಾಕು, ಅಂಕಿ ನಾಳೆ 1 ಗಂಟೆಗೆ ಬಂದ್ರೂ ನಡೆಯುತ್ತೆ.

ಅತಿ ಮೆತ್ತಗಾದರೆ

ದೂರಬಾರದು ಎಂಬ ಭಯದಲ್ಲಿ ಕೆಲವರು ಹೀಗೆ ಬರೆಯುತ್ತಾರೆ: "ಮೇಡಂ, ತೊಂದರೆ ಕೊಡ್ತಿದ್ದೀನಿ, ಕ್ಷಮಿಸಿ. ಸುಮ್ನೆ ನೆನಪಿಸೋಣ ಅಂತ ಅಷ್ಟೇ. ಬಿಡುವಾದಾಗ ಕಳಿಸಿ, ಅರ್ಜೆಂಟ್ ಏನಿಲ್ಲ." ಓದಿದವರು ಇದನ್ನು ಹೇಳಿದ ಹಾಗೇ ನಂಬುತ್ತಾರೆ. ಅರ್ಜೆಂಟ್ ಇಲ್ಲ ಎಂದ ಮೇಲೆ ಮುಂದಿನ ವಾರ ನೋಡಿದರಾಯಿತು, ಅಲ್ವಾ? ಶುಕ್ರವಾರ ಮಧ್ಯಾಹ್ನ ನೀವು ಗಾಬರಿಯಿಂದ ಫೋನ್ ಮಾಡಿದಾಗ ಅವರಿಗೆ ನಿಜಕ್ಕೂ ಅನ್ಯಾಯವೆನಿಸುತ್ತದೆ, ಮತ್ತು ಅದು ಸರಿಯೇ.

ದೂರದೆ ಬರೆಯುವುದೆಂದರೆ ಸಮಯವನ್ನು ಮುಚ್ಚಿಡುವುದಲ್ಲ. ಮನುಷ್ಯರ ಬಗ್ಗೆ ಮೆತ್ತಗಿರಿ, ಗಂಟೆಯ ಬಗ್ಗೆ ಗಟ್ಟಿಯಾಗಿರಿ. ನಿಮ್ಮ ಕರಡನ್ನು ಪರೀಕ್ಷಿಸಲು ಒಂದು ಸುಲಭ ದಾರಿ ಇದೆ. ಅದರಲ್ಲಿ ಒಂದು ವಾರದ ಹೆಸರೂ ಒಂದು ಗಂಟೆಯೂ ಇವೆಯೇ ನೋಡಿ. ಇಲ್ಲದಿದ್ದರೆ ಅದು ಕುಶಲ ವಿಚಾರಣೆಯಷ್ಟೇ. ಹಾಗೆಯೇ ಕ್ಷಮೆ ಕೇಳಬೇಡಿ. ಕೇಳುವ ತಪ್ಪೇನೂ ನೀವು ಮಾಡಿಲ್ಲ, ಮತ್ತು ಬೇಡದ ಕಡೆ ಕೇಳಿದ ಕ್ಷಮೆ ಎದುರಿನವರಿಗೆ ಚುಚ್ಚುಮಾತಿನಂತೆ ಕೇಳುವುದೂ ಉಂಟು.

ಉತ್ತರ ಬಂದ ಮೇಲೆ

ಪಟ್ಟಿಯೇ ಬಂದರೆ ಸರಿ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ. "ಆಗಲ್ಲ, ಯಂತ್ರ ಕೆಟ್ಟಿದೆ" ಎಂದು ಬಂದರೂ ಒಳ್ಳೆಯ ಉತ್ತರವೇ, ಯಾಕೆಂದರೆ ಈಗ ದಾರಿ ಹುಡುಕಲು ಸಮಯವಿದೆ. ಸಾಲುಗಳ ಲೆಕ್ಕ ತೆಗೆದುಕೊಳ್ಳಬಹುದು, ಅಥವಾ ಪ್ರೆಸ್‌ನವರ ಹತ್ತಿರ ಒಂದು ದಿನ ಕೇಳಬಹುದು.

ತೊಡಕಿನ ಉತ್ತರವೆಂದರೆ "ಖಂಡಿತ, ಇವತ್ತೇ ಕಳಿಸ್ತೀನಿ!" ಕೇಳಲು ಹಿತ, ಆದರೆ ಅದರಲ್ಲಿ ಗಂಟೆ ಇಲ್ಲ. ಇವತ್ತು ಎಂದರೆ ರಾತ್ರಿ 11.55 ಕೂಡ ಇವತ್ತೇ. ಮಾಡುತ್ತೇನೆ ಎಂದುಕೊಳ್ಳುವುದಕ್ಕಿಂತ ಯಾವಾಗ, ಎಲ್ಲಿ ಮಾಡುತ್ತೇನೆ ಎಂದು ಮೊದಲೇ ಗೊತ್ತು ಮಾಡಿಕೊಂಡ ಕೆಲಸ ನಡೆಯುವ ಸಾಧ್ಯತೆ ಜಾಸ್ತಿ ಎಂದು ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ ತಮ್ಮ ಸಂಶೋಧನೆಗಳಲ್ಲಿ ತೋರಿಸಿದ್ದಾರೆ. ಆದ್ದರಿಂದ ಆ ಗಂಟೆಯನ್ನು ಅವರ ಬಾಯಿಂದಲೇ ಬರಿಸಿ. ಕೆದಕಿದ ಹಾಗೆ ಆಗದಿರಲು ನಿಮ್ಮ ಕೆಲಸವನ್ನು ನೆಪ ಮಾಡಿಕೊಳ್ಳಿ:

> ಥ್ಯಾಂಕ್ಸ್ ಮೇಡಂ. ಎಷ್ಟು ಗಂಟೆ ಹೊತ್ತಿಗೆ ಅಂತ ಗೊತ್ತಾದರೆ, ಬಂದ ತಕ್ಷಣ ನೋಡಿ ಡಿಸೈನರ್‌ಗೆ ದಾಟಿಸಲು ಆ ಹೊತ್ತು ಬಿಡುವು ಮಾಡಿಕೊಳ್ತೀನಿ.

ಅವರು "4ಕ್ಕೆ" ಎಂದರೆ 4 ಗಂಟೆಗೆ ನೀವು ನಿಜವಾಗಿಯೂ ಬಿಡುವಾಗಿರಬೇಕು. ಕಳಿಸಿದ ಫೈಲನ್ನು ನೀವು ಮರುದಿನ ತೆರೆದಿರಿ ಎಂದು ತಿಳಿದರೆ ಮುಂದಿನ ಸಲ ಅವರ ಗಂಟೆಗೂ ಅಷ್ಟೇ ಬೆಲೆ.

ಉತ್ತರವೇ ಬರದಿದ್ದರೆ

ಗುರುವಾರ ಮಧ್ಯಾಹ್ನ 2 ಆಯಿತು, ಮೌನ. ಈಗ ಎರಡನೇ ಮೆಸೇಜ್ ಹಾಕುವುದಕ್ಕಿಂತ ಫೋನ್ ಮಾಡುವುದು ಅಥವಾ ಅವರ ಟೇಬಲ್ ಹತ್ತಿರ ಹೋಗುವುದು ಒಳ್ಳೆಯದು. ಬರಹದಲ್ಲಿ ಎರಡನೇ ಸಲ ಕೇಳಿದ್ದು ಮೊದಲನೆಯದಕ್ಕಿಂತ ಖಾರವಾಗಿಯೇ ಕಾಣುತ್ತದೆ. ದನಿಗೆ ಆ ತೊಂದರೆ ಇಲ್ಲ. "ಬೆಳಿಗ್ಗೆ ಮೆಸೇಜ್ ಹಾಕಿದ್ದೆ, ನೋಡಿದ್ರಾ?" ಎಂದು ಶುರು ಮಾಡಬೇಡಿ, ಅದು ಹಾಜರಿ ತೆಗೆದ ಹಾಗೆ. ನೇರವಾಗಿ ವಿಷಯಕ್ಕೆ ಬನ್ನಿ: "ಮೇಡಂ, ಎರಡು ನಿಮಿಷ ಮಾತಾಡಬಹುದಾ? ಆ ರೀಡಿಂಗ್ ಪಟ್ಟಿಗಳಲ್ಲಿ ಎಷ್ಟೆಷ್ಟು ಸಾಲು ಬರುತ್ತೆ ಅಂತ ತಿಳ್ಕೋಬೇಕಿತ್ತು." ಚಿಕ್ಕ ಪ್ರಶ್ನೆಯಿಂದ ಮಾತು ಶುರುವಾದರೆ ದೊಡ್ಡದು ತಾನೇ ಹಿಂದೆ ಬರುತ್ತದೆ. ಮಾತು ಮುಗಿದ ಮೇಲೆ ಒಂದು ಸಾಲು ಬರೆದು ಹಾಕಿ: "ಈಗ ಮಾತಾಡಿದ ಹಾಗೆ, 14ಕ್ಕೆ 22 ಸಾಲು, 15ಕ್ಕೆ 18, ಎರಡರಲ್ಲೂ 4 ಕಾಲಂ. ಅಂಕಿಗಳು ನಾಳೆ 1ಕ್ಕೆ." ಇದು ಸಾಕ್ಷಿಗಾಗಿ ಇಟ್ಟ ದಾಖಲೆ ಎನ್ನುವುದಕ್ಕಿಂತ ಇಬ್ಬರೂ ಒಂದೇ ಮಾತು ಕೇಳಿಸಿಕೊಂಡಿದ್ದೇವೆ ಎಂಬ ಖಾತರಿ.

ಫೋನೂ ಎತ್ತಲಿಲ್ಲ, ಸಂಜೆ 5 ದಾಟಿತು ಎನ್ನಿ. ಈಗ ಅವರ ವಿಭಾಗದಲ್ಲಿ ಇನ್ನೊಬ್ಬರನ್ನೋ ಮುಖ್ಯಸ್ಥರನ್ನೋ ಕೇಳಲೇಬೇಕು. ಇಲ್ಲಿ ಸಂಕೋಚ ಮಾಡಿದರೆ ಪೆಟ್ಟು ಬೀಳುವುದು ಡಿಸೈನರ್‌ಗೆ. ಆದರೆ ಕೇಳುವ ಮೊದಲು ಮೇಡಂಗೆ ತಿಳಿಸಿ, ಬೆನ್ನ ಹಿಂದೆ ಹೋದ ಹಾಗೆ ಆಗಬಾರದು:

> ಮೇಡಂ, ನೀವು ಬೇರೆ ಕೆಲಸದಲ್ಲಿರಬಹುದು. ನಾಳೆ 10ಕ್ಕೆ ಪುಟ ಹೊಂದಿಸಲು ಶುರು ಮಾಡಬೇಕಿರುವುದರಿಂದ, ಸಾಲುಗಳ ಲೆಕ್ಕ ನಿಮ್ಮ ವಿಭಾಗದಲ್ಲಿ ಬೇರೆ ಯಾರ ಬಳಿಯಾದರೂ ಸಿಗುತ್ತದೆಯೇ ಎಂದು ಸರ್ ಅವರನ್ನು ಕೇಳುತ್ತೇನೆ.

ಮುಖ್ಯಸ್ಥರಿಗೆ ಬರೆಯುವಾಗಲೂ ಅದೇ ಕ್ರಿಯಾಪದಗಳು. "ಮೇಡಂ ಕೊಟ್ಟಿಲ್ಲ, ಫೋನೂ ಎತ್ತುತ್ತಿಲ್ಲ" ಎಂದರೆ ಅವರು ವಿಚಾರಣೆಗೆ ಕೂರುತ್ತಾರೆ. "ಈ ಎರಡು ಪಟ್ಟಿಗಳ ಸಾಲು, ಕಾಲಂ ಲೆಕ್ಕ ನಾಳೆ 10ರೊಳಗೆ ಬೇಕಿದೆ, ಮೇಡಂ ಅವರನ್ನು ಇವತ್ತು ಸಂಪರ್ಕಿಸಲು ಆಗಲಿಲ್ಲ, ಬೇರೆ ಯಾರನ್ನು ಕೇಳಬಹುದು?" ಎಂದರೆ ಹೆಸರೊಂದು ಸಿಗುತ್ತದೆ. ಮೇಡಂ ಆಸ್ಪತ್ರೆಯಲ್ಲಿದ್ದರು ಎಂದು ಆಮೇಲೆ ತಿಳಿದರೂ ನೀವು ಬರೆದದ್ದರಲ್ಲಿ ತಲೆ ತಗ್ಗಿಸುವಂಥದ್ದು ಏನೂ ಇರುವುದಿಲ್ಲ.

ಕಾಯುತ್ತಿರುವವರಿಗೆ ಏನು ಹೇಳುವುದು

ನೆನಪಿಸುವ ಗಡಿಬಿಡಿಯಲ್ಲಿ ಡಿಸೈನರನ್ನು ಮರೆಯಬೇಡಿ. ಏನೂ ಹೇಳದಿದ್ದರೆ ಅವರೇ ಮೇಡಂಗೆ ಮೆಸೇಜ್ ಹಾಕುತ್ತಾರೆ, ಪ್ರೂಫ್ ನೋಡುವವರೂ ಹಾಕುತ್ತಾರೆ, ಒಂದೇ ವಿಷಯಕ್ಕೆ ಮೂರು ಕಡೆಯಿಂದ ಕೇಳಿದ ಹಾಗಾಗುತ್ತದೆ. "ಪಟ್ಟಿಗಳ ಬಗ್ಗೆ ನಾನು ವಿಚಾರಿಸಿದ್ದೇನೆ. ಇವತ್ತು ಸಂಜೆ 5ಕ್ಕೆ ಸ್ಥಿತಿ ತಿಳಿಸುತ್ತೇನೆ. ಬೇರೆ ಪುಟಗಳನ್ನು ಮುಂದುವರಿಸಿ" ಎಂದರೆ ಸಾಕು. ಯಾರಿಂದ ತಡ ಎಂಬುದು ಇದರಲ್ಲಿ ಇಲ್ಲ, ಅವರಿಗೆ ಅದು ಬೇಕಾಗಿಯೂ ಇಲ್ಲ. 5ಕ್ಕೆ ಹೇಳಲು ಏನೂ ಇಲ್ಲದಿದ್ದರೆ, ಏನೂ ತಿಳಿದಿಲ್ಲ ಎಂಬುದನ್ನೇ 5ಕ್ಕೆ ಹೇಳಿ.

ಇದು ಕೆಲಸಕ್ಕೆ ಬಾರದ ಕಡೆ

ಒಬ್ಬರೇ ಮತ್ತೆ ಮತ್ತೆ ತಡ ಮಾಡುತ್ತಿದ್ದರೆ ನೆನಪೋಲೆಯ ಪದಗಳನ್ನು ತಿದ್ದುತ್ತಾ ಕೂರಬೇಡಿ. ಅದು ಮರೆವಿನ ವಿಷಯವಲ್ಲ. ಕೆಲಸ ಅವರಿಗೆ ಜಾಸ್ತಿಯಾಗಿದೆ, ಅಥವಾ ನಿಮ್ಮ ಕೆಲಸ ಅವರ ಪಟ್ಟಿಯಲ್ಲಿ ಕೆಳಗಿದೆ, ಅಥವಾ "ಆಗಲ್ಲ" ಎನ್ನಲು ಅವರಿಗೆ ಆಗುತ್ತಿಲ್ಲ. ಇದನ್ನು ಯಾವ ಗಡುವೂ ತಲೆಯ ಮೇಲಿಲ್ಲದ ಒಂದು ದಿನ ಎದುರು ಕೂತು ಮಾತಾಡಬೇಕು. ಅವತ್ತು ಕೇಳಬೇಕಾದ ಪ್ರಶ್ನೆ "ಇಂಥ ಪಟ್ಟಿಗಳಿಗೆ ನಿಮಗೆ ಎಷ್ಟು ದಿನ ಮೊದಲು ಹೇಳಿದರೆ ಅನುಕೂಲ?" ಎಂಬುದು. ಗಡುವು ತಪ್ಪಿದ ದಿನವೇ ಈ ಮಾತು ತೆಗೆದರೆ ನೆನಪೋಲೆಯೂ ಕೆಡುತ್ತದೆ, ಮಾತುಕತೆಯೂ ಕೆಡುತ್ತದೆ.

ಪಟ್ಟಿ ಬಂದಾಗ

ಬಹಳ ಜನ ಇಲ್ಲಿಯವರೆಗೆ ಚೆನ್ನಾಗಿ ನಡೆದುಕೊಂಡು ಕೊನೆಯಲ್ಲಿ ಎಡವುತ್ತಾರೆ. "ಅಂತೂ ಬಂತು!", "ಕೊನೆಗೂ ಸಿಕ್ತು, ಥ್ಯಾಂಕ್ಸ್" ಎಂದು ನಗುವಿನ ಚಿತ್ರದ ಜೊತೆ ಹಾಕುತ್ತಾರೆ. ಎರಡು ದಿನ ತಡೆದು ಇಟ್ಟಿದ್ದ ದೂರೆಲ್ಲ ಆ "ಅಂತೂ"ದಲ್ಲಿ ಹೊರಬರುತ್ತದೆ. "ತಡ ಆಯ್ತು, ಸಾರಿ" ಎಂದು ಅವರೇ ಬರೆದರೆ "ಅಯ್ಯೋ, ಏನೂ ತೊಂದರೆ ಆಗಲಿಲ್ಲ" ಎಂದೂ ಹೇಳಬೇಡಿ. ತೊಂದರೆ ಆಗಿತ್ತು. ಆದದ್ದನ್ನು ಇದ್ದ ಹಾಗೆ ಹೇಳಿ:

> ಪಟ್ಟಿಗಳು ಸಿಕ್ಕವು ಮೇಡಂ, ಥ್ಯಾಂಕ್ಸ್. ತೆರೆದು ನೋಡಿದೆ, ಸಾಲುಗಳು ಸರಿಯಾಗಿವೆ. ಡಿಸೈನರ್‌ಗೆ ದಾಟಿಸಿದ್ದೇನೆ. ನಿನ್ನೆ ಸಾಲುಗಳ ಲೆಕ್ಕ ಹೇಳಿದ್ದರಿಂದ ಉಳಿದ ಪುಟಗಳು ಆಗಲೇ ಮುಗಿದಿವೆ. 16ನೇ ಪುಟಕ್ಕೆ ನಿಮ್ಮಿಂದ ಒಂದು ಚಿತ್ರ ಬೇಕಾಗಬಹುದು, ಬೇಕೋ ಬೇಡವೋ ಎಂದು ಸೋಮವಾರದ ಪ್ರಿಂಟ್ ನೋಡಿ ಮಂಗಳವಾರ ಬೆಳಿಗ್ಗೆ ಹೇಳುತ್ತೇನೆ.